ವಾಷಿಂಗ್ ಮೆಷಿನ್ ಔಟ್‌ಲೆಟ್ ಪೈಪಿನಿಂದ ಗುಳುಗುಳು ಸದ್ದು, ನೆಲದ ಮೇಲೆ ನೀರು: ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ

ಮೆಷಿನ್ ಬಟ್ಟೆ ಒಗೆದು ಮುಗಿಸಿ ನೀರು ಹೊರಗೆ ಬಿಡಲು ಶುರು ಮಾಡುತ್ತದೆ. ಗೋಡೆ ಪಕ್ಕ ನಿಂತಿರುವ ಪೈಪಿನಿಂದ ಗುಳುಗುಳು ಸದ್ದು ಬರುತ್ತದೆ. ಸ್ವಲ್ಪ ಹೊತ್ತಿಗೆ ಪೈಪಿನ ಬಾಯಿಯಿಂದ ಸೋಪಿನ ನೀರು ಚಿಮ್ಮಿ ಯುಟಿಲಿಟಿ ನೆಲವೆಲ್ಲ ಒದ್ದೆ. ಪಂಪ್ ನಿಂತ ಮೇಲೆ ಪೈಪಿನಲ್ಲಿದ್ದ ನೀರು ನಿಧಾನವಾಗಿ ಇಳಿದು ಹೋಗುತ್ತದೆ, ಏನೂ ಆಗಿಲ್ಲ ಅನ್ನೋ ಹಾಗೆ. ಈ ಬರಹ ಇರುವುದು ಈ ತೊಂದರೆಗೇ. ಪಂಪಿನಿಂದ ನೀರು ಹೊರಹಾಕುವ ಮೆಷಿನ್‌ಗಳಿಗೆ, ಅಂದರೆ ಫ್ರಂಟ್ ಲೋಡ್ ಮೆಷಿನ್‌ಗಳಿಗೆ ಮತ್ತು ಪಂಪ್ ಇರುವ ಟಾಪ್ ಲೋಡ್ ಮೆಷಿನ್‌ಗಳಿಗೆ ಇದು ಅನ್ವಯಿಸುತ್ತದೆ. ಸೆಮಿ ಆಟೋಮ್ಯಾಟಿಕ್‌ನಲ್ಲಿ ನೀರು ತನ್ನ ಭಾರಕ್ಕೇ ಇಳಿಯುತ್ತದೆ. ಅದರ ಹೋಸ್ ನೆಲದ ಮೇಲೇ ಇರಬೇಕು, ನಿಂತ ಪೈಪಿಗೆ ಹಾಕುವುದಲ್ಲ.

ನೆಲದಲ್ಲಿ ನೀರಿದ್ದರೆ ಮೊದಲು ಮೆಷಿನ್‌ನ ಸ್ವಿಚ್ ಆಫ್ ಮಾಡಿ. ಪ್ಲಗ್ ಒದ್ದೆಯಾಗಿದ್ದರೆ ಅದನ್ನು ಮುಟ್ಟದೆ ಬೋರ್ಡಿನ ಎಂಸಿಬಿ ಇಳಿಸಿ. ಆಮೇಲೆ ಎರಡು ಸಣ್ಣ ವಿಷಯ ನೋಡಿಬಿಡಿ. ಡ್ರೈನ್ ಹೋಸ್ ಪೈಪಿನಿಂದ ಹಾರಿ ಹೊರಗೆ ಬಂದಿದೆಯಾ? ಪಂಪ್ ಶುರುವಾದಾಗ ಹೋಸ್ ಒಮ್ಮೆ ಜಗ್ಗುತ್ತದೆ, ಕಟ್ಟಿರದಿದ್ದರೆ ಮೇಲೆದ್ದು ಬೀಳುತ್ತದೆ. ಇನ್ನೊಂದು, ಮೆಷಿನ್ ಮುಂಭಾಗದ ಕೆಳಗೆ ಇರುವ ಫಿಲ್ಟರ್ ಮುಚ್ಚಳ ಸರಿಯಾಗಿ ತಿರುಗಿ ಕೂತಿದೆಯಾ? ಇವೆರಡೂ ಸರಿ ಇದ್ದರೆ ತೊಂದರೆ ಇರುವುದು ಪೈಪಿನಲ್ಲಿ.

ಗುಳುಗುಳು ಸದ್ದು ಗಾಳಿಯದು

ಬಾಟಲಿಯನ್ನು ಒಮ್ಮೆಲೇ ಬೋರಲು ಹಾಕಿದರೆ ನೀರು ತಡೆ ತಡೆದು ಬೀಳುತ್ತದಲ್ವಾ, ಇಲ್ಲಿ ನಡೆಯುವುದೂ ಅದೇ. ನೀರು ಕೆಳಗಿಳಿಯಬೇಕಾದರೆ ಪೈಪಿನಲ್ಲಿದ್ದ ಗಾಳಿಗೆ ಹೊರಹೋಗಲು ಜಾಗ ಬೇಕು. ಜಾಗ ಇದ್ದರೆ ನೀರು ಪೈಪಿನ ಒಳಗೋಡೆಗೆ ಅಂಟಿಕೊಂಡು ಇಳಿಯುತ್ತದೆ, ಗಾಳಿ ನಡುವಿನಿಂದ ಮೇಲೆ ಬರುತ್ತದೆ. ಸದ್ದೇ ಇರುವುದಿಲ್ಲ. ಪೈಪ್ ಸಣ್ಣದಾದರೆ, ಒಳಗೆ ಕೊಳೆ ಕಟ್ಟಿ ಕಿರಿದಾದರೆ, ಅಥವಾ ಕೆಳತುದಿ ನೀರಿನಲ್ಲಿ ಮುಳುಗಿದ್ದರೆ ಗಾಳಿ ನೀರನ್ನು ಸೀಳಿಕೊಂಡೇ ಬರಬೇಕು. ಸದ್ದು ಹುಟ್ಟುವುದು ಆಗ. ಗಾಳಿ ಮೇಲೆ ಬರುವ ಆ ಕ್ಷಣ ನೀರು ಇಳಿಯುವುದು ನಿಲ್ಲುತ್ತದೆ. ಪಂಪ್ ಮಾತ್ರ ತಳ್ಳುತ್ತಲೇ ಇರುತ್ತದೆ. ಹಾಗಾಗಿ ಗುಳುಗುಳು ಸದ್ದು ಬರುತ್ತಿದ್ದ ಪೈಪೇ ಕೆಲವು ತಿಂಗಳ ನಂತರ ನೀರು ಉಗುಳುವುದು. ಸದ್ದು ಶುರುವಾದಾಗಲೇ ನೋಡಿಕೊಂಡರೆ ನೆಲ ಒದ್ದೆಯಾಗುವವರೆಗೆ ಹೋಗುವುದಿಲ್ಲ.

ಇಲ್ಲಿ ಅಳತೆ ಮುಖ್ಯ. 40 ಮಿಲಿಮೀಟರ್ ಪೈಪಿನ ಒಳಅಗಲ ಸುಮಾರು 36 ಮಿ.ಮೀ. ಅದರೊಳಗೆ 28 ಮಿ.ಮೀ. ದಪ್ಪದ ಹೋಸ್ ತುದಿ ಇಳಿಸಿದರೆ ಸುತ್ತ ಉಳಿಯುವ ಜಾಗ ಪ್ರತಿ ಬದಿಗೆ ಬರೀ 4 ಮಿ.ಮೀ. ಅದೇ 50 ಮಿ.ಮೀ. ಪೈಪಾದರೆ ಒಳಅಗಲ ಸುಮಾರು 46. ಗಾಳಿಗೆ ಸಿಗುವ ಜಾಗ ಎರಡೂವರೆ ಪಟ್ಟು ಜಾಸ್ತಿ. ಅಡ್ಡ ಹೋಗುವ ಪೈಪಿನಲ್ಲೂ ಹಾಗೇ. ಒಂದೇ ಇಳಿಜಾರಿನಲ್ಲಿ 50ರ ಪೈಪ್ 40ರ ಪೈಪಿಗಿಂತ ಸುಮಾರು ಎರಡು ಪಟ್ಟು ನೀರು ಒಯ್ಯುತ್ತದೆ. ನೋಡಲು 10 ಮಿ.ಮೀ. ವ್ಯತ್ಯಾಸ ಅಷ್ಟೇ, ಕೆಲಸದಲ್ಲಿ ದುಪ್ಪಟ್ಟು.

ಹಾಗಂತ 40ರ ಪೈಪ್ ಹಾಕಿದ ಕೂಡಲೇ ಉಕ್ಕುವುದಿಲ್ಲ. ಹೊಸದಾಗಿ, ನುಣುಪಾಗಿ, ಇಳಿಜಾರು ಸರಿಯಾಗಿದ್ದರೆ ಮನೆಯ ಫ್ರಂಟ್ ಲೋಡ್ ಬಿಡುವ ನೀರನ್ನು ಅದು ತಡೆದುಕೊಳ್ಳುತ್ತದೆ. ಬ್ರಿಟನ್ನಿನ ಮನೆಗಳಲ್ಲಿ 40 ಮಿ.ಮೀ. ಪೈಪೇ ರೂಢಿ. ಆದರೆ ಅದರಲ್ಲಿ ಕೊಳೆ ಕಟ್ಟಲು ಹೆಚ್ಚಿನ ಜಾಗ ಉಳಿದಿರುವುದಿಲ್ಲ. ಬಟ್ಟೆಯ ನೂಲು, ಸೋಪಿನ ಜಿಡ್ಡು, ಬೋರ್‌ವೆಲ್ ನೀರಿನ ಗಡಸು ಎಲ್ಲ ಸೇರಿ ಒಳಗೆ ಪದರ ಕಟ್ಟುತ್ತವೆ. 36 ಇದ್ದದ್ದು 25ಕ್ಕೆ ಇಳಿದರೆ ಮುಗಿಯಿತು. 50ರ ಪೈಪಿನಲ್ಲಿ ಅಷ್ಟೇ ದಪ್ಪದ ಪದರ ಕಟ್ಟಿದರೂ ನೀರಿಗೂ ಗಾಳಿಗೂ ದಾರಿ ಉಳಿದಿರುತ್ತದೆ. "ಎರಡು ವರ್ಷ ಚೆನ್ನಾಗೇ ಇತ್ತು, ಈಗ ಶುರುವಾಗಿದೆ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಪೈಪಿನ ಅಳತೆಯನ್ನೇ.

ನೀರು ಬರುತ್ತಿರುವುದು ಯಾವ ಬಾಯಿಯಿಂದ?

ಪ್ಲಂಬರ್‌ನನ್ನು ಕರೆಯುವ ಮೊದಲು ಇದೊಂದನ್ನು ಕಣ್ಣಾರೆ ನೋಡಿ. ಮೆಷಿನ್‌ನಲ್ಲಿ ಡ್ರೈನ್ ಅಥವಾ ಸ್ಪಿನ್ ಮಾತ್ರ ಹಾಕಿ ಪಕ್ಕದಲ್ಲೇ ನಿಲ್ಲಿ. ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಔಟ್‌ಲೆಟ್ ಪೈಪ್ ಯುಟಿಲಿಟಿಯ ನಹಾನಿ ಟ್ರ್ಯಾಪಿಗೆ, ಅಂದರೆ ನೆಲದ ಜಾಲಿಯ ಕೆಳಗೆ ವಾಸನೆ ತಡೆಯಲು ಸದಾ ನೀರು ನಿಂತಿರುವ ಗುಂಡಿಗೆ, ಪಕ್ಕದಿಂದ ಸೇರುತ್ತದೆ. ಆದ್ದರಿಂದ ನೀರು ಎರಡು ಕಡೆಯಿಂದ ಬರಬಹುದು: ನಿಂತ ಪೈಪಿನ ಮೇಲಿನ ಬಾಯಿಯಿಂದ, ಇಲ್ಲವೇ ನೆಲದ ಜಾಲಿಯಿಂದ.

ಜಾಲಿಯಿಂದ ಉಕ್ಕಿದರೆ ನಹಾನಿ ಟ್ರ್ಯಾಪಿನ ಒಳಗೆ ಅಥವಾ ಅದರಿಂದಾಚೆಗಿನ ಲೈನಿನಲ್ಲಿ ತಡೆ ಇದೆ. ನಿಂತ ಪೈಪ್ ಬದಲಾಯಿಸಿ ಪ್ರಯೋಜನವಿಲ್ಲ. ಪೈಪಿನ ಬಾಯಿಯಿಂದ ಉಕ್ಕಿದರೆ, ಆದರೆ ಜಾಲಿಯಲ್ಲಿ ನೀರು ಮೇಲೇರದೆ ಸುಮ್ನೆ ಇದ್ದರೆ, ತಪ್ಪು ಇರುವುದು ಪೈಪಿನ ಬಾಯಿಗೂ ಟ್ರ್ಯಾಪಿಗೂ ನಡುವೆ. ಅದು ಹೆಚ್ಚೆಂದರೆ ಎರಡು ಮೂರು ಮೀಟರ್ ಉದ್ದ. ಹುಡುಕುವ ಜಾಗ ಎಷ್ಟು ಕಡಿಮೆಯಾಯಿತು ನೋಡಿ. ಜಾಲಿ ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಪಕ್ಕದ ತೂತಿನಿಂದ ನೀರು ಹೇಗೆ ಬೀಳುತ್ತಿದೆ ಎನ್ನುವುದೂ ಕಾಣುತ್ತದೆ. ರಭಸವಾಗಿ ಬರುತ್ತಿದೆಯೋ, ತೆಳ್ಳಗೆ ಒಸರುತ್ತಿದೆಯೋ ಎಂದು ನೋಡಿಕೊಳ್ಳಿ.

ಬಕೆಟ್ ಮತ್ತು ಗಡಿಯಾರ

ಮೈಸೂರಿನಲ್ಲಿ ನಮ್ಮ ಅತ್ತೆಯ ಮನೆಯಲ್ಲಿ ನಡೆದದ್ದನ್ನು ಲೆಕ್ಕ ಸಮೇತ ಹೇಳುತ್ತೇನೆ. ಅವರು ಹಳೆಯ ಸೆಮಿ ಆಟೋಮ್ಯಾಟಿಕ್ ಬಿಟ್ಟು ಫ್ರಂಟ್ ಲೋಡ್ ತಂದಿದ್ದರು. ಅದಕ್ಕಾಗಿ ಗೋಡೆಯ ಮೇಲೆ 40 ಮಿ.ಮೀ. ಪೈಪ್ ಹಾಕಿಸಿದ್ದರು. ನಿಂತ ಭಾಗ 70 ಸೆಂಟಿಮೀಟರ್ ಎತ್ತರ, ನೆಲದಂಚಿಗೆ ಅಡ್ಡ ಹೋಗುವ ಭಾಗ 2 ಮೀಟರ್. ಮೊದಲು ಸದ್ದು ಬರುತ್ತಿತ್ತು, ಆಮೇಲೆ ನೀರು ಉಕ್ಕಲು ಶುರುವಾಯಿತು. ಜಾಲಿ ಮಾತ್ರ ಒಮ್ಮೆಯೂ ಉಕ್ಕಿರಲಿಲ್ಲ. ನೋಡಲು ಬಂದಿದ್ದ ಪ್ಲಂಬರ್, "ಅಮ್ಮಾ, ಬ್ಲಾಕ್ ಆಗಿದೆ, ರಾಡ್ ಹಾಕಿದ್ರೆ ಸರಿಹೋಗುತ್ತೆ" ಎಂದಿದ್ದರು. ರಾಡ್ ಹಾಕಿದ ಮೇಲೆ ಸ್ವಲ್ಪ ದಿನ ಸರಿಯಿತ್ತು. ಮತ್ತೆ ಅದೇ ಕಥೆ.

ಮೊದಲು ಪಂಪ್ ಎಷ್ಟು ನೀರು ಬಿಡುತ್ತದೆ ಎಂದು ಅಳೆದೆವು. ಹೋಸ್ ತುದಿಯನ್ನು ಪೈಪಿನ ಬಾಯಿಯಷ್ಟೇ ಎತ್ತರದಲ್ಲಿ ಸ್ಟೂಲಿನ ಮೇಲಿಟ್ಟ 10 ಲೀಟರ್ ಬಕೆಟ್ಟಿಗೆ ಹಿಡಿದು ಡ್ರೈನ್ ಹಾಕಿದೆವು. ಎತ್ತರ ಅಷ್ಟೇ ಇರಬೇಕು, ಕೆಳಗೆ ಹಿಡಿದರೆ ಪಂಪ್ ಜಾಸ್ತಿ ನೀರು ಬಿಡುತ್ತದೆ, ಲೆಕ್ಕ ತಪ್ಪುತ್ತದೆ. ಬಕೆಟ್ ತುಂಬಲು 38 ಸೆಕೆಂಡ್ ಹಿಡಿಯಿತು. ಅಂದರೆ ನಿಮಿಷಕ್ಕೆ ಸುಮಾರು 16 ಲೀಟರ್. ಪಂಪ್ ಚೆನ್ನಾಗಿದೆ.

ಆಮೇಲೆ ಹೋಸನ್ನು ಪೈಪಿಗೆ ಇಳಿಸಿ ಮತ್ತೆ ನೀರು ತುಂಬಿಸಿ ಡ್ರೈನ್ ಹಾಕಿದೆವು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕಾದೆವು. 22ನೇ ಸೆಕೆಂಡಿಗೆ ಪೈಪಿನ ಬಾಯಿಯಿಂದ ನೀರು ಹೊರಬಿತ್ತು. ಆ 22 ಸೆಕೆಂಡಿನಲ್ಲಿ ಪಂಪ್ ತಳ್ಳಿದ್ದು ಸುಮಾರು 5.8 ಲೀಟರ್.

ಈಗ ಪೈಪಿನಲ್ಲಿ ಎಷ್ಟು ನೀರು ಹಿಡಿಯುತ್ತದೆ ನೋಡಿ. 40ರ ಪೈಪ್ ಮೀಟರಿಗೆ ಸುಮಾರು 1 ಲೀಟರ್ ಹಿಡಿಯುತ್ತದೆ. ನಿಂತ ಭಾಗಕ್ಕೆ 0.7, ಅಡ್ಡ ಭಾಗಕ್ಕೆ 2, ಒಟ್ಟು 2.7 ಲೀಟರ್. ಪೈಪ್ ಪೂರ್ತಿ ಕಟ್ಟಿಕೊಂಡಿದ್ದರೆ ಸುಮಾರು ಹತ್ತು ಸೆಕೆಂಡಿನಲ್ಲೇ ತುಂಬಿ ಉಕ್ಕಬೇಕಿತ್ತು. ನಿಂತ ಪೈಪಿನ ಬುಡದಲ್ಲೇ ಕಟ್ಟಿಕೊಂಡಿದ್ದರೆ ಮೂರು ಸೆಕೆಂಡ್ ಸಾಕಿತ್ತು. 22 ಸೆಕೆಂಡ್ ಹಿಡಿದಿದೆ ಎಂದರೆ ಉಳಿದ 3.1 ಲೀಟರ್ ಕೆಳಗೆ ಹೋಗಿದೆ. ನಿಮಿಷಕ್ಕೆ ಎಂಟೂವರೆ ಲೀಟರ್ ಲೆಕ್ಕ. ಪಂಪ್ 16 ಕೊಡುತ್ತಿದೆ, ಪೈಪ್ ಅದರ ಅರ್ಧ ಮಾತ್ರ ಒಯ್ಯುತ್ತಿದೆ. ಇದು ಪೂರ್ತಿ ಬ್ಲಾಕ್ ಅಲ್ಲ. ಎಲ್ಲೋ ದಾರಿ ಕಿರಿದಾಗಿದೆ. ರಾಡ್ ಹಾಕಿದಾಗ ಕೊಳೆ ಹೋಗಿ ಸ್ವಲ್ಪ ಹಗುರಾಗಿತ್ತು, ಕಿರಿದಾದ ಜಾಗ ಹಾಗೇ ಉಳಿದಿತ್ತು.

ಈ ಲೆಕ್ಕ ತೀರಾ ಕರಾರುವಾಕ್ಕಲ್ಲ, ಒಳಗಿನ ಕೊಳೆಯೂ ಸ್ವಲ್ಪ ಜಾಗ ತಿಂದಿರುತ್ತದೆ. ಆದರೆ "ಕಟ್ಟಿಕೊಂಡಿದೆಯೋ, ಕಿರಿದಾಗಿದೆಯೋ" ಎಂಬ ಪ್ರಶ್ನೆಗೆ ಉತ್ತರ ಸಿಗಲು ಇಷ್ಟು ಸಾಕು. ಐದಾರು ಸೆಕೆಂಡಿನಲ್ಲೇ ಉಕ್ಕಿದರೆ ಕಟ್ಟಿಕೊಂಡಿದೆ, ಹತ್ತಿರದಲ್ಲೇ ಇದೆ. ಕಾಲು, ಅರ್ಧ ನಿಮಿಷ ತಡೆದು ಉಕ್ಕಿದರೆ ಅಳತೆ, ಇಳಿಜಾರು, ಫಿಟ್ಟಿಂಗ್ ಮೂರನ್ನೂ ಅನುಮಾನಿಸಿ.

ಬಿಚ್ಚಿದಾಗ ಕಂಡದ್ದು

ಗೋಡೆಯ ಮೇಲೆಯೇ ಇದ್ದ ಪೈಪಾದ್ದರಿಂದ ಕತ್ತರಿಸಿ ತೆಗೆಯುವುದು ಸುಲಭವಾಯಿತು. ಮೂರು ತಪ್ಪು ಒಟ್ಟಿಗೆ ಕಂಡವು.

ನಿಂತ ಪೈಪಿನ ಬುಡದಲ್ಲಿ ಮೊಂಡು ಎಲ್ಬೋ, ಅದಕ್ಕೆ ಅಂಟಿದ ಹಾಗೇ ಇನ್ನೊಂದು ಎಲ್ಬೋ. ಎರಡರ ನಡುವೆ ಬೆರಳಿನಷ್ಟು ದಪ್ಪ ಬೂದು ಬಣ್ಣದ ಲೋಳೆ, ಅದರಲ್ಲಿ ಟವೆಲಿನ ನೂಲು ಜಡೆಯ ಹಾಗೆ ಹೆಣೆದುಕೊಂಡಿತ್ತು. ಎಲ್ಬೋ ಒಳಗೆ ಕತ್ತರಿಸಿದ ಪೈಪಿನ ಅಂಚು ಗರಗಸದ ಚೂರುಗಳ ಸಮೇತ ಹಾಗೇ ಇತ್ತು. ನೂಲು ಮೊದಲು ಸಿಕ್ಕಿಕೊಂಡಿದ್ದು ಅಲ್ಲೇ.

ಅಡ್ಡ ಪೈಪಿಗೆ ಇಳಿಜಾರೇ ಇರಲಿಲ್ಲ. ಎರಡು ಕ್ಲ್ಯಾಂಪ್ ನಡುವೆ ಅದು ಸ್ವಲ್ಪ ಜೋತು ಬಿದ್ದು ಅಲ್ಲಿ ನೀರು ನಿಂತಿತ್ತು.

ಮೂರನೆಯದು ನಿಜವಾದ ಕಾರಣ. ಟ್ರ್ಯಾಪಿನ ಪಕ್ಕದ ತೂತು ಸಣ್ಣದಿದ್ದುದರಿಂದ ಕೊನೆಯಲ್ಲಿ ರೆಡ್ಯೂಸರ್ ಹಾಕಿ 32ರ ತುಂಡು ಪೈಪನ್ನು ಒಳಗೆ ತೂರಿಸಿ ಬಿಳಿ ಸಿಮೆಂಟ್ ಹಚ್ಚಿದ್ದರು. ಆ ತುಂಡು ಕೆಳಕ್ಕೆ ವಾಲಿ, ಅದರ ತುದಿ ಟ್ರ್ಯಾಪಿನಲ್ಲಿ ಯಾವಾಗಲೂ ನಿಂತಿರುವ ನೀರೊಳಗೆ ಮುಳುಗಿತ್ತು. ಅಂದರೆ ಪೈಪಿನಲ್ಲಿದ್ದ ಗಾಳಿಗೆ ಕೆಳಗೂ ದಾರಿಯಿಲ್ಲ. ಮೇಲೆ, ಹೋಸ್ ಸುತ್ತ ಇದ್ದ ಸಂದಿಗೆ, ಮೊದಲ ಸಲ ನೀರು ಚಿಮ್ಮಿದಾಗ ಟೇಪ್ ಸುತ್ತಿದ್ದರು. ಗಾಳಿ ಎಲ್ಲಿಂದ ಹೋಗಬೇಕು?

ನೀರು ಹರಿಯುವ ದಿಕ್ಕಿನಲ್ಲಿ ಪೈಪ್ ಎಂದೂ ಸಣ್ಣದಾಗಬಾರದು. 40ರಿಂದ 50ಕ್ಕೆ, 50ರಿಂದ 75ಕ್ಕೆ ಹೋಗಬಹುದು. ಹಿಂದಕ್ಕೆ ಹೋಗುವಂತಿಲ್ಲ. ಮೇಲೆ 75ರ ಪೈಪ್ ಕಂಡರೂ ಕೊನೆಯ ಒಂದು ಗೇಣು 32 ಇದ್ದರೆ ನಿಮ್ಮ ಮನೆಯ ಪೈಪ್ 32ರದ್ದೇ.

ಅಂಗಡಿಯಲ್ಲಿ ಏನು ಕೇಳಬೇಕು

ಇಂಚಿನಲ್ಲಿ ಕೇಳಬೇಡಿ, ಮಿಲಿಮೀಟರಿನಲ್ಲಿ ಕೇಳಿ. ನಮ್ಮಲ್ಲಿ ಪಿವಿಸಿ ಪೈಪಿನ ಮಿ.ಮೀ. ಅಳತೆ ಹೊರಅಗಲದ್ದು. ಅಂಗಡಿಯ ಮಾತಿನಲ್ಲಿ 40 ಅಂದರೆ ಒಂದೂಕಾಲು ಇಂಚು, 50 ಅಂದರೆ ಒಂದೂವರೆ ಇಂಚು, ಎರಡು ಇಂಚು ಅಂದರೆ 63. "ಎರಡು ಇಂಚು ಕೊಡಿ" ಎಂದು 63ರ ನೀರಾವರಿ ಪೈಪ್ ತಂದು, ಮನೆಯಲ್ಲಿರುವ 50ರ ಬೆಂಡಿಗೆ ಕೂರಿಸಲಾಗದೆ, ಕಾಯಿಸಿ ಹಿಗ್ಗಿಸಿ ತುರುಕಿದ್ದನ್ನು ನೋಡಿದ್ದೇನೆ. ಅಂಥ ಜಾಯಿಂಟ್ ಸೋರದೆ ಇರುವುದಿಲ್ಲ. ಅಮೆರಿಕದಲ್ಲಿರುವವರು ಅಲ್ಲಿನ ನಿಯಮದಂತೆ ವಾಷಿಂಗ್ ಮೆಷಿನ್‌ಗೆ ಎರಡು ಇಂಚಿನ ನಿಂತ ಪೈಪು, ಎರಡು ಇಂಚಿನ ಟ್ರ್ಯಾಪ್ ಎಂದು ಓದಿರಬಹುದು. ಅಲ್ಲಿ ಎರಡು ಇಂಚು ಎಂದರೆ ಒಳಅಗಲವೇ ಹತ್ತಿರ ಹತ್ತಿರ 50 ಮಿ.ಮೀ. ಹಳೆಯ ಮನೆಗಳಲ್ಲಿ ಒಂದೂವರೆ ಇಂಚಿನದು ಇದ್ದು, ಹೊಸ ಮೆಷಿನ್ ತಂದ ಮೇಲೆ ಉಕ್ಕುವುದು ಅಲ್ಲೂ ಸಾಮಾನ್ಯ.

ನಮ್ಮ ಮನೆಗಳಿಗೆ ನನ್ನ ಲೆಕ್ಕ ಹೀಗಿದೆ. ಒಂದೆರಡು ಮೀಟರ್ ದೂರ, ಎರಡು ತಿರುವಿನೊಳಗೆ ಮುಗಿದರೆ ಎಸ್‌ಡಬ್ಲ್ಯೂಆರ್ 50 ಮಿ.ಮೀ. ಸಾಕು. ಅದಕ್ಕಿಂತ ದೂರ ಅಥವಾ ತಿರುವು ಜಾಸ್ತಿ ಇದ್ದರೆ ಅಡ್ಡ ಹೋಗುವ ಭಾಗ 75 ಇರಲಿ. ಎಸ್‌ಡಬ್ಲ್ಯೂಆರ್ ಅಂದರೆ ಕೊಳೆನೀರಿಗೇ ಮಾಡಿದ ಪೈಪು. ಅದರ ಬೆಂಡ್‌ಗಳು ಒಳಗೆ ದುಂಡಗೆ ತಿರುಗುತ್ತವೆ. ಕುಡಿಯುವ ನೀರಿನ ಲೈನಿಗೆ ಬರುವ ಎಲ್ಬೋ ಒಳಗೆ ಮೂಲೆ ಇರುತ್ತದೆ. ನೂಲು ನಿಲ್ಲುವುದು ಆ ಮೂಲೆಯಲ್ಲೇ.

ಕೂರಿಸುವುದು

ಅತ್ತೆಯ ಮನೆಯಲ್ಲಿ ಟ್ರ್ಯಾಪಿನ ಪಕ್ಕದ ತೂತನ್ನು 50ಕ್ಕೆ ದೊಡ್ಡದು ಮಾಡಿಸುವುದೇ ದೊಡ್ಡ ಕೆಲಸವಾಯಿತು. ಒಂದು ಟೈಲ್ಸ್ ಒಡೆಯಬೇಕಾಯಿತು. ಪೈಪಿನ ತುದಿ ಟ್ರ್ಯಾಪಿನ ಒಳಗೋಡೆಗೆ ಸಮನಾಗಿ, ಒಳಗೆ ನಿಂತ ನೀರಿಗಿಂತ ಎರಡು ಬೆರಳು ಮೇಲೆ ಇರುವಂತೆ ಕೂರಿಸಿದೆವು. ಈಗ ಪೈಪಿನ ಗಾಳಿ ಜಾಲಿಯಿಂದಲೂ ಹೊರಹೋಗಬಹುದು.

ಅಡ್ಡ ಭಾಗಕ್ಕೆ ಮೀಟರಿಗೆ ಎರಡರಿಂದ ಎರಡೂವರೆ ಸೆಂಟಿಮೀಟರ್ ಇಳಿಜಾರು ಕೊಡಿ. ಎರಡು ಮೀಟರಿಗೆ ನಾಲ್ಕೈದು ಸೆಂಟಿಮೀಟರ್. ಕ್ಲ್ಯಾಂಪ್‌ಗಳನ್ನು ಅರ್ಧ ಮೀಟರಿಗೊಂದರಂತೆ ಹೊಡೆಯಿರಿ. ಮೆಷಿನ್‌ನಲ್ಲಿ 60 ಡಿಗ್ರಿ, 90 ಡಿಗ್ರಿ ಬಿಸಿನೀರಿನ ಪ್ರೋಗ್ರಾಂ ಬಳಸುವವರ ಮನೆಯಲ್ಲಿ ಪಿವಿಸಿ ಮೆತ್ತಗಾಗಿ ಜೋತು ಬೀಳುತ್ತದೆ, ಅದಕ್ಕೇ ಕ್ಲ್ಯಾಂಪ್ ಹತ್ತಿರ ಹತ್ತಿರ ಇರಬೇಕು. ನಿಂತ ಪೈಪಿನ ಬುಡದಲ್ಲಿ ಒಂದು 90 ಡಿಗ್ರಿ ಎಲ್ಬೋ ಬದಲು 45 ಡಿಗ್ರಿಯ ಎರಡು ಬೆಂಡ್ ಹಾಕಿ, ನೀರು ಗೋಡೆಗೆ ಹೊಡೆಯದೆ ಜಾರಿಕೊಂಡು ಹೋಗುತ್ತದೆ. ಪೈಪ್ ಕತ್ತರಿಸಿದ ಮೇಲೆ ಒಳಗಿನ ಅಂಚನ್ನು ಅರದಿಂದಲೋ ಚಾಕುವಿನಿಂದಲೋ ಕೆರೆದು ನುಣುಪು ಮಾಡಿ. ಅಂಟು ಹಚ್ಚುವ ಮೊದಲು ಎಲ್ಲ ತುಂಡುಗಳನ್ನು ಸುಮ್ನೆ ಜೋಡಿಸಿ ನೋಡಿ. ಸಾಲ್ವೆಂಟ್ ತೆಳ್ಳಗೆ ಹಚ್ಚಿ. ಜಾಸ್ತಿ ಹಚ್ಚಿದರೆ ಒಳಗೆ ಉಂಡೆ ಕಟ್ಟಿ ಅದೇ ಒಂದು ತಡೆಯಾಗುತ್ತದೆ. ಒಂದು ರಾತ್ರಿ ಒಣಗಲು ಬಿಟ್ಟು ನೀರು ಬಿಡಿ.

ಒಂದು ಪೈಪಿಗೆ ಒಂದೇ ಟ್ರ್ಯಾಪ್. ನಹಾನಿ ಟ್ರ್ಯಾಪಿಗೆ ಹೋಗುವ ಪೈಪಿಗೆ ವಾಸನೆ ಬರದಿರಲಿ ಎಂದು ಇನ್ನೊಂದು ಪಿ ಟ್ರ್ಯಾಪ್ ಹಾಕಿದರೆ ಎರಡು ನೀರಿನ ನಡುವೆ ಗಾಳಿ ಸಿಕ್ಕಿಬೀಳುತ್ತದೆ, ಗುಳುಗುಳು ಮತ್ತೆ ಶುರು. ನಹಾನಿ ಇಲ್ಲದೆ ನೇರವಾಗಿ ಕೊಳೆನೀರಿನ ಲೈನಿಗೆ ಸೇರುವ ಪೈಪಿಗೆ ಮಾತ್ರ ಸ್ವಂತ ಟ್ರ್ಯಾಪ್ ಬೇಕು. ಅದರಲ್ಲಿ ಕನಿಷ್ಠ 50 ಮಿ.ಮೀ. ನೀರು ನಿಲ್ಲಬೇಕು. ಅಂಥ ಕಡೆ ಸದ್ದಿನ ಜೊತೆ ಕೆಟ್ಟ ವಾಸನೆಯೂ ಬಂದರೆ, ನೀರು ಪೈಪ್ ತುಂಬಿ ಹರಿಯುತ್ತಾ ಟ್ರ್ಯಾಪಿನ ನೀರನ್ನೂ ಎಳೆದೊಯ್ಯುತ್ತಿದೆ ಎಂದು ತಿಳಿಯಿರಿ. ಅದಕ್ಕೂ ಪರಿಹಾರ ದೊಡ್ಡ ಪೈಪ್ ಮತ್ತು ಗಾಳಿಗೆ ವೆಂಟ್.

ಹೋಸ್ ಮತ್ತು ಟೇಪ್

ಪೈಪಿನ ಬಾಯಿ ನೆಲದಿಂದ 60ರಿಂದ 100 ಸೆಂಟಿಮೀಟರ್ ಒಳಗೆ ಇರಬೇಕು ಎಂದು ಹೆಚ್ಚಿನ ಫ್ರಂಟ್ ಲೋಡ್ ಕೈಪಿಡಿಗಳು ಹೇಳುತ್ತವೆ. ನಿಮ್ಮ ಮೆಷಿನ್‌ನ ಪುಸ್ತಕ ಒಮ್ಮೆ ನೋಡಿ. ನಾವು 75 ಇಟ್ಟೆವು. ಹೋಸ್ ಒಳಗೆ 10ರಿಂದ 15 ಸೆಂಟಿಮೀಟರ್ ಇಳಿದರೆ ಸಾಕು. ಬುಡದವರೆಗೆ ತುರುಕಿದರೆ ಅದೇ ಪೈಪನ್ನು ಕಿರಿದು ಮಾಡುತ್ತದೆ. ಹೋಸ್ ಹಾರದಂತೆ ಪ್ಲಾಸ್ಟಿಕ್ ಟೈಯಿಂದ ಹೊರಗಡೆ ಕಟ್ಟಿ.

ಬಾಯಿಗೆ ಟೇಪ್, ಎಂಸೀಲ್, ಬಟ್ಟೆ ಏನೂ ಬೇಡ. ನೀರು ಚಿಮ್ಮುತ್ತದೆ ಎಂದು ಮುಚ್ಚುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಆದರೆ ಅದರಿಂದ ತೊಂದರೆ ಮೆಷಿನ್ ಒಳಗೆ ಹೋಗುತ್ತದೆ. ಪಂಪ್ ನಿಂತ ಕೂಡಲೇ ಪೈಪಿನಲ್ಲಿ ನಿಂತ ಕೊಳೆನೀರು ಹೋಸ್ ಮೂಲಕ ವಾಪಸ್ ಇಳಿಯಬಹುದು. ಪೈಪ್ ಖಾಲಿಯಾಗಿ ಹರಿಯುತ್ತಿದ್ದರೆ ಇದಕ್ಕೆ ತದ್ವಿರುದ್ಧ: ಗಾಳಿ ಒಳಗೆ ಬರದೆ, ಹೊಸದಾಗಿ ತುಂಬುವ ನೀರನ್ನೂ ಹೋಸ್ ಎಳೆದುಕೊಂಡು ಹೋಗುತ್ತದೆ. ಮೆಷಿನ್ ತುಂಬಿಸುತ್ತಲೇ ಇರುತ್ತದೆ, ನೀರು ನಿಲ್ಲುವುದೇ ಇಲ್ಲ. ಹೀಗಾಗುತ್ತಿದ್ದರೆ ಮೆಕ್ಯಾನಿಕ್‌ನನ್ನು ಕರೆಯುವ ಮೊದಲು ಟೇಪ್ ಬಿಚ್ಚಿ ನೋಡಿ.

ಹೊಸ ಪೈಪಿಗೆ 10 ಲೀಟರ್ ಬಕೆಟ್ಟನ್ನು ಆಲಿಕೆ ಇಟ್ಟು ಸುರಿದಾಗ ನೀರು ಬುಡದಿಂದ ಮೇಲೇರಲಿಲ್ಲ. ಡ್ರೈನ್ ಹಾಕಿದಾಗ ಕೇಳಿಸಿದ್ದು ನೀರು ಜಾರುವ ಸದ್ದು ಮಾತ್ರ. ಉಕ್ಕುವುದು ನೊರೆ ಮಾತ್ರವಾದರೆ, ಕೆಳಗೆ ನೀರಿಲ್ಲದಿದ್ದರೆ, ಪೈಪಿನ ತಪ್ಪಲ್ಲ. ಫ್ರಂಟ್ ಲೋಡಿಗೆ ಕೈಯಲ್ಲಿ ಒಗೆಯುವ ಪೌಡರ್ ಹಾಕುತ್ತಿದ್ದಾರಾ ಎಂದು ಕೇಳಿ.

ಕೊಳೆ ತೆಗೆಯಲು ಆ್ಯಸಿಡ್ ಸುರಿಯಬೇಡಿ. ನೂಲು ಅದಕ್ಕೆ ಸುಲಭವಾಗಿ ಕರಗುವುದಿಲ್ಲ. ಮೊದಲೇ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಎರಡೂ ಸೇರಿ ಕ್ಲೋರಿನ್ ಅನಿಲ ಏಳುತ್ತದೆ. ಚಿಕ್ಕ ಯುಟಿಲಿಟಿಯಲ್ಲಿ ಅದು ಜೀವಕ್ಕೇ ಅಪಾಯ. ಸ್ಪ್ರಿಂಗ್ ತಂತಿ ಹಾಕಿ ಎಳೆದು, ಬಿಸಿನೀರು ಬಿಟ್ಟರೆ ಸಾಕು.

ಜಾಲಿಯಿಂದ ಉಕ್ಕುವವರಿಗೆ

ಜಾಲಿ ಎತ್ತಿ ಟ್ರ್ಯಾಪಿನ ಒಳಗಿನ ಬಟ್ಟಲು ತೆಗೆದು ತೊಳೆಯಿರಿ. ಬಹಳ ಸಲ ಅಲ್ಲೇ ಮುಗಿಯುತ್ತದೆ. ಬಟ್ಟಲನ್ನು ವಾಪಸ್ ಇಡುವುದು ಮರೆಯಬೇಡಿ, ಇಲ್ಲದಿದ್ದರೆ ವಾಸನೆ, ಜಿರಳೆ. ಆಮೇಲೂ ಉಕ್ಕಿದರೆ ಅಡುಗೆಮನೆಯ ಸಿಂಕಿನ ಕಡೆ ಕಿವಿ ಕೊಡಿ. ಮೆಷಿನ್ ನೀರು ಬಿಡುವಾಗ ಸಿಂಕಿನಲ್ಲೂ ಗುಳುಗುಳು ಅಂದರೆ ಎರಡೂ ಸೇರುವ ಲೈನಿನಲ್ಲಿ, ಆ ಜಾಗದಿಂದ ಮುಂದೆ, ತಡೆ ಇದೆ. ಅಡುಗೆಮನೆಯ ಎಣ್ಣೆ ಜಿಡ್ಡು ಗಟ್ಟಿಯಾಗುವುದು ಅಲ್ಲೇ.

ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ಪರೀಕ್ಷೆ ಇದೆ. ನಿಮ್ಮ ಮೆಷಿನ್ ಆಫ್ ಇರುವಾಗಲೂ ಜಾಲಿಯಲ್ಲಿ ನೊರೆ ಬಂದರೆ ಅದು ಮೇಲಿನ ಮನೆಯ ನೀರು. ಕೆಳಗಿನ ಮಹಡಿಯವರಿಗೆ ಇದು ಜಾಸ್ತಿ. ಮೇಲಿಂದ ಬಿದ್ದ ನೀರು ಬುಡದ ಬೆಂಡಿನಲ್ಲಿ ಹೊಡೆದು ನೊರೆಯಾಗಿ, ಹಿಂದೆ ಒತ್ತಿ ಬರುತ್ತದೆ. ಇದಕ್ಕೆ ನಿಮ್ಮ ಯುಟಿಲಿಟಿಯಲ್ಲಿ ಎಷ್ಟು ದೊಡ್ಡ ಪೈಪ್ ಹಾಕಿದರೂ ಆಗುವುದಿಲ್ಲ. ಯಾವ ಹೊತ್ತಿಗೆ ಬರುತ್ತದೆ ಎಂದು ಬರೆದಿಟ್ಟುಕೊಂಡು, ಮೊಬೈಲಿನಲ್ಲಿ ವಿಡಿಯೋ ತೆಗೆದು ಅಸೋಸಿಯೇಷನ್‌ಗೆ ಕೊಡಿ. ಕೆಳಗಿನ ಚೇಂಬರ್ ತೆಗೆಸಿ ನೋಡಲು, ತಾರಸಿಯ ವೆಂಟ್ ಪೈಪಿನ ಬಾಯಿ ತೆರೆದಿದೆಯಾ ಎಂದು ಪರೀಕ್ಷಿಸಲು ಕೇಳಿ. ಸೋಲಾರ್ ಅಥವಾ ಟ್ಯಾಂಕ್ ಕೆಲಸ ಮಾಡುವಾಗ ಆ ಬಾಯಿಯನ್ನು ಮುಚ್ಚಿ ಮರೆತುಬಿಟ್ಟಿರುವುದೂ ಉಂಟು.